ಕ್ಯಾಲೆಂಡರಿನ ಮೊಳೆಗೆ ಒಂದು ದೊಡ್ಡಕ್ಷರದ ಕಾರ್ಡು

ಹೋದ ಮಳೆಗಾಲದಲ್ಲಿ ಒಂದು ಸಂಜೆ ಲಕ್ಷ್ಮೇಶ್ವರದಿಂದ ಅವ್ವನ ಫೋನ್ ಬಂತು. "ತಮ್ಮಾ, ಫೋನ್ಯಾಗ ಮೊಮ್ಮಗಳ ಮುಖ ಬರವಲ್ದು. ಏನೋ ಕೇಳಾಕತ್ತೈತಿ, ನನಗ ತಿಳಿವಲ್ದು." ಫೋನ್ ಕೇಳುತ್ತಿದ್ದುದು ವೈಫೈ ಪಾಸ್‌ವರ್ಡ್ ಅನ್ನು. ಅದು ಎಲ್ಲಿದೆ? ವೈಫೈ ಡಬ್ಬಿಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ, ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ. ಅದರಲ್ಲಿ ಸೊನ್ನೆ ಯಾವುದು, ಇಂಗ್ಲಿಷಿನ ಓ ಯಾವುದು ಎಂದು ನನ್ನ ಕಣ್ಣಿಗೂ ಸಲೀಸಾಗಿ ತಿಳಿಯುವುದಿಲ್ಲ. ಅವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ. ಅರ್ಧ ತಾಸು ಫೋನಿನಲ್ಲೇ ಹೇಳಿದೆ, ಆಗಲಿಲ್ಲ. ಮರುದಿನ ಗದಗದಿಂದ ಬಸ್ಸು ಹತ್ತಿ ಹೋದೆ. ಹೋಗಿ ಮಾಡಿದ ಕೆಲಸ ಎರಡು ನಿಮಿಷದ್ದು.

ಅವತ್ತೇ ನಿರ್ಧಾರ ಮಾಡಿದೆ, ಇದಕ್ಕೊಂದು ಕಾರ್ಡು ಬೇಕು ಎಂದು. ಎ4 ಹಾಳೆಯಲ್ಲಿ ನೆಟ್ಟಿನ ಹೆಸರು, ಪಾಸ್‌ವರ್ಡ್, ಫೋನನ್ನು ಮತ್ತೆ ಜೋಡಿಸುವ ಹೆಜ್ಜೆಗಳು. ಕೇಳಲು ಸುಲಭ. ಆದರೆ ಅದು ಅವ್ವನ ಕೈಯಲ್ಲಿ ಕೆಲಸ ಮಾಡುವ ಹೊತ್ತಿಗೆ ಮೂರು ಸಲ ಹಾಳೆ ಬದಲಾಯಿತು. ಆ ಮೂರು ಸಲದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಟಗೇರಿ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಹಿರಿಯರು, ಒಂದು ವೈಫೈ ಡಬ್ಬಿ, ಬೆಂಗಳೂರಿಗೋ ಪುಣೆಗೋ ಹೋದ ಮಕ್ಕಳು. ಸಂಜೆಯ ವಿಡಿಯೋ ಕರೆ ಆ ಡಬ್ಬಿಯನ್ನೇ ನಂಬಿಕೊಂಡಿದೆ.

ಮೊದಲು ಪಾಸ್‌ವರ್ಡ್ ವಿಷಯ. ಕಂಪನಿಯವರು ಕೊಟ್ಟ ಪಾಸ್‌ವರ್ಡನ್ನೇ ದೊಡ್ಡದಾಗಿ ಅಚ್ಚು ಹಾಕಿಸಿದರೆ ಅರ್ಧ ಕಷ್ಟ ಹಾಗೇ ಉಳಿಯುತ್ತದೆ. ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಕಲಸಿಹೋಗಿರುತ್ತವೆ. ಹಿರಿಯರಿಗೆ ಅತಿ ಕಠಿಣವಾದದ್ದು ಕೀಲಿಮಣೆಯನ್ನು ಪದೇ ಪದೇ ಬದಲಿಸುವುದು. ದೊಡ್ಡಕ್ಷರಕ್ಕೆ ಒಮ್ಮೆ ಬಾಣದ ಗುಂಡಿ, ಚಿಹ್ನೆಗೆ ಇನ್ನೊಂದು ಪುಟ, ಮತ್ತೆ ಅಕ್ಷರಕ್ಕೆ ವಾಪಸ್ಸು. ಆದ್ದರಿಂದ ಪಾಸ್‌ವರ್ಡನ್ನೇ ಬದಲಿಸಬೇಕು. ಎಲ್ಲ ಚಿಕ್ಕಕ್ಷರ, ಕೊನೆಗೆ ನಾಲ್ಕು ಅಂಕಿ, ಚಿಹ್ನೆ ಒಂದೂ ಬೇಡ. ಹೀಗಿದ್ದರೆ ಕೀಲಿಮಣೆ ಒಂದೇ ಒಂದು ಸಲ ಬದಲಾಗುತ್ತದೆ. ನಿಯಮದಂತೆ ಇದು ಕನಿಷ್ಠ 8 ಅಕ್ಷರ, ಹೆಚ್ಚೆಂದರೆ 63 ಇರಬಹುದು. ಹದಿನೈದರ ಆಸುಪಾಸು ಸಾಕು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮನೆಮಾತು ಮತ್ತು ನಾಲ್ಕು ಅಂಕಿ ತೆಗೆದುಕೊಂಡರೆ ಅವರಿಗೆ ಒಂದಿಷ್ಟು ನೆನಪೂ ಉಳಿಯುತ್ತದೆ. ಉದಾಹರಣೆಗೆ `hunasetuppa7364`. ಪೇಪರಿನಲ್ಲಿ ಬಂದದ್ದಾದ್ದರಿಂದ ಇದನ್ನೇ ಯಾರೂ ಇಟ್ಟುಕೊಳ್ಳಬೇಡಿ. ಇದರಲ್ಲಿ ಸೊನ್ನೆಯೂ ಇಲ್ಲ, ಓ ಇಲ್ಲ. ಒಂದೂ ಇಲ್ಲ, ಎಲ್ ಇಲ್ಲ. ಗೊಂದಲದ ಜೋಡಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಮೊಬೈಲ್ ನಂಬರನ್ನು ಮಾತ್ರ ಪಾಸ್‌ವರ್ಡ್ ಮಾಡಬೇಡಿ. ಅದು ಕಿರಾಣಿ ಅಂಗಡಿಯ ಉದ್ರಿ ವಹಿಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರ ತನಕ ಎಲ್ಲರಿಗೂ ಗೊತ್ತಿರುವ ನಂಬರು.

ನೆಟ್ಟಿನ ಹೆಸರನ್ನೂ ಬದಲಿಸಿ. ಪಟ್ಟಿಯಲ್ಲಿ ಓಣಿಯ ನಾಲ್ಕಾರು ಮನೆಗಳ ಹೆಸರು ಒಟ್ಟಿಗೆ ಕಾಣಿಸುತ್ತವೆ. ಎಲ್ಲವೂ ಒಂದೇ ಕಂಪನಿಯ ಹೆಸರಿನಿಂದ ಶುರುವಾಗಿ ಕೊನೆಯ ಎರಡಂಕಿ ಮಾತ್ರ ಬೇರೆಯಾದರೆ ಹಿರಿಯರು ನೆರೆಮನೆಯ ಹೆಸರು ಒತ್ತಿ ಕೂತಿರುತ್ತಾರೆ. ನಾನು `avvamane` ಎಂದಿಟ್ಟೆ. ಕನ್ನಡ ಅಕ್ಷರದಲ್ಲೇ ಇಡುವ ಆಸೆ ನನಗೂ ಇತ್ತು. ಆದರೆ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಕಾಗುಣಿತದ ಗುರುತಿಗೆ ಮೂರು ಮೂರು ಬೈಟ್ ಹೋಗುತ್ತದೆ. ಕೆಲವು ಡಬ್ಬಿಗಳು ಕನ್ನಡವನ್ನು ತೆಗೆದುಕೊಳ್ಳುವುದೇ ಇಲ್ಲ. ಹೀಗಾಗಿ ಇಂಗ್ಲಿಷ್ ಅಕ್ಷರಕ್ಕೆ ಒಪ್ಪಬೇಕಾಯಿತು.

ಇನ್ನು ಅಚ್ಚು. ಮುದ್ರಣಕ್ಕೆ ಹೆಸರಾದ ಗದಗದಲ್ಲಿ ಒಂದು ಹಾಳೆ ಅಚ್ಚು ಹಾಕಿಸುವುದೇನು ದೊಡ್ಡದು ಎಂದುಕೊಂಡು ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿ ಎರಡು ತಪ್ಪಾದವು, ಎರಡನ್ನೂ ನಾನೇ ಗಮನಿಸಬೇಕಿತ್ತು. ಕನ್ನಡದ ಹೆಜ್ಜೆಗಳನ್ನು ಹುಡುಗ ನುಡಿ ಅಕ್ಷರದಲ್ಲಿ ಹೊಡೆದಿದ್ದ. ಅದೇ ಅಕ್ಷರದಲ್ಲೇ ಪಾಸ್‌ವರ್ಡನ್ನೂ ಹೊಡೆದದ್ದರಿಂದ ಇಂಗ್ಲಿಷಿನ ಬದಲು ಅರ್ಥವಿಲ್ಲದ ಕನ್ನಡ ತುಣುಕುಗಳು ಬಂದವು. ಅದು ಕಣ್ಣಿಗೆ ಬಿತ್ತು, ಸರಿಮಾಡಿದ. ಎರಡನೆಯದು ಕಣ್ಣಿಗೆ ಬೀಳಲಿಲ್ಲ. ಸಾಲಿನ ಮೊದಲ ಅಕ್ಷರವನ್ನು ಕಂಪ್ಯೂಟರು ತಾನಾಗಿಯೇ ದೊಡ್ಡದು ಮಾಡಿತ್ತು. h ಇದ್ದದ್ದು H ಆಗಿತ್ತು. ವೈಫೈಗೆ ಇವೆರಡೂ ಬೇರೆ ಬೇರೆ. ಲ್ಯಾಮಿನೇಶನ್ ಮಾಡಿಸಿ ಲಕ್ಷ್ಮೇಶ್ವರಕ್ಕೆ ಒಯ್ದ ಮೊದಲ ಕಾರ್ಡು ಅವ್ವ ಎಷ್ಟು ಸಲ ಸರಿಯಾಗಿ ಒತ್ತಿದರೂ ತಪ್ಪು ಎಂದೇ ಹೇಳಿತು. ಆಕೆ ತನ್ನದೇ ತಪ್ಪೆಂದು ತಿಳಿದು, "ನನ್ನ ಬಳ್ಳ ನಡುಗ್ತಾವ" ಎಂದಳು. ಅದು ನನಗೆ ಇಂದಿಗೂ ಚುಚ್ಚುತ್ತದೆ. ಲ್ಯಾಮಿನೇಶನ್‌ಗೆ ಕೊಡುವ ಮೊದಲು ಅಚ್ಚಾದ ಹಾಳೆಯನ್ನೇ ನೋಡಿಕೊಂಡು ಒಂದು ಫೋನನ್ನು ಜೋಡಿಸಿ ಪರೀಕ್ಷಿಸಿ. ಮನಸ್ಸಿನಲ್ಲಿರುವ ಪಾಸ್‌ವರ್ಡ್ ಹೊಡೆಯಬೇಡಿ, ಹಾಳೆಯ ಮೇಲಿರುವುದನ್ನು ಹೊಡೆಯಿರಿ.

ಅಕ್ಷರದ ಅಳತೆಯಲ್ಲೂ ಕನ್ನಡಕ್ಕೆ ತನ್ನದೇ ಲೆಕ್ಕವಿದೆ. ಕಣ್ಣು ಮಂದವಾದವರಿಗೆ ಇಂಗ್ಲಿಷಿನಲ್ಲಿ 18 ಪಾಯಿಂಟ್ ಮೇಲಿನ ಅಕ್ಷರವನ್ನು ದೊಡ್ಡಕ್ಷರ ಎನ್ನುವುದು ರೂಢಿ. ನಮ್ಮಲ್ಲಿ ಅಷ್ಟು ಸಾಲದು, ಏಕೆಂದರೆ ಒತ್ತಕ್ಷರ ಕೆಳಗೆ ಹೆಚ್ಚುಕಡಿಮೆ ಅರ್ಧದ ಗಾತ್ರದಲ್ಲಿ ಕೂರುತ್ತದೆ. ಕಾರ್ಡಿನಲ್ಲಿ ಅತಿ ಹೆಚ್ಚು ಬರುವ "ಒತ್ತು" ಎಂಬ ಮಾತಿನಲ್ಲೇ ಒಂದು ಒತ್ತಿದೆ. ನಾನು ಹೆಜ್ಜೆಗಳಿಗೆ 26 ಪಾಯಿಂಟ್ ಇಟ್ಟು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿಸಿದೆ. ಪಾಸ್‌ವರ್ಡ್ 40 ಪಾಯಿಂಟ್. ಪ್ರತಿ ಅಕ್ಷರಕ್ಕೆ 12 ಮಿಲಿಮೀಟರಿನ ಒಂದೊಂದು ಚೌಕ. ಹದಿನೈದು ಚೌಕಕ್ಕೆ 180 ಮಿಲಿಮೀಟರ್. ಎ4 ಹಾಳೆಯ ಅಗಲ 210, ಒಂದೇ ಸಾಲಿನಲ್ಲಿ ಹಿಡಿಸುತ್ತದೆ. ಎರಡು ಸಾಲು ಮಾಡಿದರೆ ನಡುವೆ ಏನಾದರೂ ಒತ್ತಬೇಕೇ ಎಂಬ ಅನುಮಾನ ಬರುತ್ತದೆ. ಓದಲು ಸುಲಭವಾಗಲಿ ಎಂದು ಪದಗಳ ನಡುವೆ ಜಾಗ ಬಿಟ್ಟರೆ ಆ ಖಾಲಿ ಜಾಗವನ್ನೂ ಅವರು ಒತ್ತುತ್ತಾರೆ, ವೈಫೈ ಅದನ್ನೂ ಒಂದು ಅಕ್ಷರವೆಂದೇ ಎಣಿಸುತ್ತದೆ. ಚೌಕ ಹಾಕಿದರೆ ಈ ತೊಂದರೆ ಇಲ್ಲ. ಅವ್ವ ಒಂದು ಬೆರಳನ್ನು ಚೌಕದ ಮೇಲಿಟ್ಟುಕೊಂಡು ಇನ್ನೊಂದರಿಂದ ಒತ್ತುತ್ತಾಳೆ.

ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಡಿ. ೭ ಮತ್ತು 7 ಓದುವವರಿಗೆ ಒಂದೇ ಏಳು, ಫೋನಿಗೆ ಅವು ಬೇರೆ ಬೇರೆ ಅಕ್ಷರ. ಲ್ಯಾಮಿನೇಶನ್ ಹೊಳೆಯದ ಬಗೆಯದಿರಲಿ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಪೊರೆ ಬಂದ ಕಣ್ಣಿಗೆ ಬರೀ ಬೆಳಕಿನ ಪಟ್ಟಿ ಕಾಣುತ್ತದೆ.

ಈಗ ಹೆಜ್ಜೆಗಳು. ನನ್ನ ಮೊದಲ ಕಾರ್ಡು "ವೈಫೈ ಆನ್ ಮಾಡಿ, ಪಾಸ್‌ವರ್ಡ್ ಹಾಕಿ" ಎಂದು ಶುರುವಾಗಿತ್ತು. ಆದರೆ ನೆಟ್ಟು ಹೋದಾಗಲೆಲ್ಲ ಪಾಸ್‌ವರ್ಡ್ ಬೇಕಾಗುವುದಿಲ್ಲ. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ. ಆದ್ದರಿಂದ ಕಾರ್ಡು ಮೊದಲು ಹೇಳಿಕೊಡಬೇಕಾದದ್ದು ತಪ್ಪು ಎಲ್ಲಿದೆ ಎಂದು ನೋಡುವುದನ್ನು. ಅದಕ್ಕೆ ಮೂರು ಗುರುತು ಸಾಕು. ಫೋನಿನ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೇ ಇಲ್ಲದಿದ್ದರೆ ಡಬ್ಬಿಗೆ ಕರೆಂಟಿಲ್ಲ, ಅಥವಾ ಕರೆಂಟ್ ಈಗಷ್ಟೇ ಬಂದು ಅದಿನ್ನೂ ಎಚ್ಚರಾಗುತ್ತಿದೆ. ಹೆಸರಿದೆ, ಜೋಡಣೆಯೂ ಆಗಿದೆ, ಆದರೆ ಅದರ ಕೆಳಗೆ `No internet` ಎಂಬಂಥ ಮಾತು ಬಂದಿದ್ದರೆ, ಅಥವಾ ಬೀಸಣಿಗೆಯಂಥ ವೈಫೈ ಗುರುತಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ, ಫೋನು ಸರಿಯಿದೆ, ಡಬ್ಬಿಯಿಂದಾಚೆ ತೊಂದರೆ. ಹೆಸರಿದ್ದು ಪಾಸ್‌ವರ್ಡ್ ಕೇಳಿದರೆ ಮಾತ್ರ ಕಾರ್ಡಿನ ಚೌಕಗಳ ಕೆಲಸ.

ಎರಡನೆಯ ಗುರುತಿಗೆ ಡಬ್ಬಿಯ ದೀಪಗಳೂ ಸಾಕ್ಷಿ ಹೇಳುತ್ತವೆ. ಫೈಬರ್ ತಂತಿಯ ಡಬ್ಬಿಯಲ್ಲಿ `LOS` ಎಂದು ಬರೆದ ಒಂದು ದೀಪವಿರುತ್ತದೆ. ಅದು ಕೆಂಪಗೆ ಮಿಣುಕಿದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿದೆ ಅಥವಾ ತೀರ ಮಡಚಿಕೊಂಡಿದೆ. ಆಗ ಫೋನನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಆ ಅಕ್ಷರ ಹಿರಿಯರ ಕಣ್ಣಿಗೆ ಕಾಣದು, ಬಣ್ಣವೂ ಕೆಲವರಿಗೆ ಸರಿಯಾಗಿ ತಿಳಿಯದು. ಹಾಗಾಗಿ ಆ ದೀಪದ ಪಕ್ಕ ಬಿಳಿ ಪಟ್ಟಿ ಅಂಟಿಸಿ ಒಂದು ಬಾಣ ಬರೆದೆ. "ಬಾಣದ ದೀಪ ಹತ್ತಿದರೆ ಕೇಬಲ್ ಹುಡುಗನಿಗೆ ಫೋನ್ ಮಾಡು" ಎಂದು ಕಾರ್ಡಿನಲ್ಲಿ ಹಾಕಿಸಿ, ಅವನ ನಂಬರನ್ನು ಪಾಸ್‌ವರ್ಡಿನಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿದೆ.

ಮೂರನೆಯ ಸಲ ಅಚ್ಚಾಗಿ ಈಗ ಗೋಡೆಯ ಮೇಲಿರುವ ಕಾರ್ಡಿನ ಹೆಜ್ಜೆಗಳು ಹೀಗಿವೆ.

ಡಬ್ಬಿಯ ದೀಪ ಹತ್ತಿವೆಯಾ ನೋಡು. ಕರೆಂಟ್ ಈಗ ಬಂದಿದ್ದರೆ ಐದು ನಿಮಿಷ ತಡಿ.
ಫೋನಿನ ಗಾಜಿನ ಮೇಲಿನ ಅಂಚಿನಿಂದ ಬೆರಳನ್ನು ಕೆಳಗೆ ಎಳಿ.
ಬೀಸಣಿಗೆ ಗುರುತಿನ ಮೇಲೆ ಬೆರಳು ಒತ್ತಿ ಹಿಡಿ. ಪಟ್ಟಿ ಬರುತ್ತದೆ.
`avvamane` ಒತ್ತು.
ಪಾಸ್‌ವರ್ಡ್ ಕೇಳಿದರೆ ಮೊದಲು ಕಣ್ಣಿನ ಗುರುತು ಒತ್ತು. ಆಮೇಲೆ ಚೌಕ ನೋಡಿ ಒಂದೊಂದೇ ಹಾಕು.
`Connect` ಒತ್ತು.

"ಕಣ್ಣಿನ ಗುರುತು" ಎಂಬ ಸಾಲು ಎರಡನೆಯ ಕಾರ್ಡಿನಲ್ಲಿ ಇರಲಿಲ್ಲ. ಅದನ್ನು ಒತ್ತದಿದ್ದರೆ ಹೊಡೆದ ಅಕ್ಷರಗಳೆಲ್ಲ ಚುಕ್ಕೆಯಾಗುತ್ತವೆ, ಎಷ್ಟನೆಯ ಅಕ್ಷರದಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ. "ಗಾಜಿನ ಮೇಲಿನ ಅಂಚಿನಿಂದ" ಎಂಬುದೂ ಆಮೇಲೆ ಸೇರಿದ್ದು. "ಮೇಲಿಂದ ಎಳಿ" ಎಂದಷ್ಟೇ ಬರೆದಾಗ ಅವ್ವ ನಡು ಗಾಜಿನಿಂದ ಎಳೆಯುತ್ತಿದ್ದಳು, ಬೇರೇನೋ ತೆರೆದುಕೊಳ್ಳುತ್ತಿತ್ತು. ಇವೆಲ್ಲ ನನಗೆ ಹೊಳೆದದ್ದಲ್ಲ. ಕಾರ್ಡನ್ನು ಆಕೆಯ ಕೈಗೆ ಕೊಟ್ಟು, ಫೋನಿನ ಜೋಡಣೆ ತೆಗೆದು, ಬಾಯಿ ಮುಚ್ಚಿಕೊಂಡು ದೂರ ಕೂತು ನೋಡಿದಾಗ ತಿಳಿದದ್ದು. ಆಕೆಯ ಬೆರಳು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಕಾರ್ಡಿನ ಮಾತು ಬದಲಾಯಿತು. ನಡುವೆ ಬಾಯಿ ಹಾಕಿ ಹೇಳಿಕೊಟ್ಟರೆ ಈ ಪರೀಕ್ಷೆ ಕೆಟ್ಟಂತೆಯೇ. ನಾವು ಇಲ್ಲದ ದಿನಕ್ಕಾಗಿ ತಾನೇ ಕಾರ್ಡು ಮಾಡುತ್ತಿರುವುದು. ಪರದೆಯ ಮೇಲಿನ ಮಾತನ್ನು ಅನುವಾದಿಸಲೂ ಬೇಡಿ. ಫೋನು ಇಂಗ್ಲಿಷಿನಲ್ಲಿದ್ದರೆ ಕಾರ್ಡಿನಲ್ಲೂ `Connect` ಎಂದೇ ಇರಲಿ, ಆಕಾರ ಹೋಲಿಸಿ ಒತ್ತುತ್ತಾರೆ. ಫೋನಿನಿಂದ ಫೋನಿಗೆ ಈ ಪಟ್ಟಿ ಬೇರೆ. ಕೆಲವು ಫೋನಿನಲ್ಲಿ ಬೀಸಣಿಗೆಯ ಬದಲು `Internet` ಎಂಬ ಚೌಕ ಬರುತ್ತದೆ. ಅವರ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೆಜ್ಜೆ ಬರೆಯಬೇಕು.

ಕಾರ್ಡಿನ ಕೆಳಗೆ ಕೆಂಪು ಗೆರೆ ಹಾಕಿ ಒಂದು ಮಾತು ಬರೆಸಿದ್ದೇನೆ: ಪಿನ್ನು ಚುಚ್ಚಬೇಡ. ಇದು ಶಿರಹಟ್ಟಿಯ ನಮ್ಮ ಸೋದರಮಾವನ ಮನೆಯ ಪಾಠ. ನೆಟ್ಟು ಬಾರದಾಗ ಯಾರೋ ಫೋನಿನಲ್ಲಿ "ರಿಸೆಟ್ ಮಾಡ್ರಿ" ಎಂದರು. ಅವರು ಹೇಳಬೇಕೆಂದಿದ್ದುದು ಸ್ವಿಚ್ ಆರಿಸಿ ಹಾಕಿ ಎಂದು. ಮಾವ ಡಬ್ಬಿಯ ಹಿಂದೆ `RESET` ಎಂದು ಬರೆದ ಸಣ್ಣ ತೂತು ಹುಡುಕಿ ಪಿನ್ನು ಚುಚ್ಚಿ ಹಿಡಿದರು. ಆ ತೂತು ಡಬ್ಬಿಯನ್ನು ಕಾರ್ಖಾನೆಯಿಂದ ಬಂದಂತೆ ಮಾಡಿಬಿಡುತ್ತದೆ. ನಾವು ಇಟ್ಟ ಹೆಸರು, ಪಾಸ್‌ವರ್ಡ್ ಹೋದವು. ಜೊತೆಗೆ ಕಂಪನಿಯವರು ಒಳಗೆ ತುಂಬಿದ್ದ ಲಾಗಿನ್ ಹೆಸರೂ ಅಳಿಸಿಹೋಯಿತು. ಫೋನು ಜೋಡಿಸಿದರೂ ನೆಟ್ಟು ಬರಲಿಲ್ಲ. ಲೈನಿನವನು ಬಂದು ಅದನ್ನು ಮತ್ತೆ ತುಂಬುವ ತನಕ ಎರಡು ದಿನ ಕಾದರು. ಆಮೇಲೆ ನಾನು ಆ ತೂತಿನ ಮೇಲೆ ಟೇಪು ಅಂಟಿಸಿದೆ. ಆರಿಸಿ ಹಾಕಬೇಕಾದ ಗೋಡೆಯ ಸ್ವಿಚ್ಚಿಗೆ ಹಳದಿ ಪಟ್ಟಿ ಹಚ್ಚಿದೆ. "ಹಳದಿ ಸ್ವಿಚ್ ಆರಿಸು, ನಿಧಾನ ಮೂವತ್ತು ಎಣಿಸು, ಹಾಕು" ಎಂದು ಬರೆದ ಮೇಲೆ ಗೊಂದಲವಿಲ್ಲ.

ಮುಂಡರಗಿಯ ಚಿಕ್ಕಪ್ಪನ ಮನೆಯ ತೊಂದರೆ ಬೇರೆ ಬಗೆಯದು. ಅವರ ಡಬ್ಬಿ ಎರಡು ಹೆಸರು ತೋರಿಸುತ್ತಿತ್ತು, ಒಂದರ ಕೊನೆಗೆ `_5G` ಎಂದಿತ್ತು. ಅದೇ ಹೊಸದು, ಅದೇ ಒಳ್ಳೆಯದು ಎಂದು ಚಿಕ್ಕಪ್ಪ ಅದನ್ನೇ ಹಿಡಿದಿದ್ದರು. ಪಡಸಾಲೆಯಲ್ಲಿ ಚೆನ್ನಾಗಿ ಬರುತ್ತಿತ್ತು, ಅಡಿಗೆ ಮನೆಗೆ ಹೋದೊಡನೆ ಕರೆ ಕಡಿಯುತ್ತಿತ್ತು. ಇದು ಸಿಮ್ಮಿನ 5ಜಿ ಅಲ್ಲ, ವೈಫೈ ಡಬ್ಬಿಯ 5 ಗಿಗಾಹರ್ಟ್ಸ್ ಅಲೆ. ಹತ್ತಿರದಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಹಳೆಯ ಮನೆಗಳ ಕಲ್ಲುಗೋಡೆ ಒಂದನ್ನು ದಾಟುವುದರಲ್ಲೇ ಅದು ಸೋಲುತ್ತದೆ. ಇನ್ನೊಂದು ಹೆಸರಿನ 2.4 ಗಿಗಾಹರ್ಟ್ಸ್ ಅಲೆ ಹೆಚ್ಚು ದೂರ ಹೋಗುತ್ತದೆ, ವಿಡಿಯೋ ಕರೆಗೆ ಅದರ ವೇಗ ಸಾಕು. ಅವರ ಕಾರ್ಡಿನಲ್ಲಿ ಅದೊಂದೇ ಹೆಸರು ಹಾಕಿದೆ. ಫೋನು ತಾನಾಗಿ ಮತ್ತೆ ಜಿಗಿಯಬಾರದೆಂದು `_5G` ಹೆಸರನ್ನು ಒತ್ತಿ `Forget` ಕೊಟ್ಟೆ. ಈ `Forget` ಎಂಬುದನ್ನು ಮಕ್ಕಳು ಕೂತು ಮಾಡಬೇಕು, ಕಾರ್ಡಿನ ಹೆಜ್ಜೆಗಳಲ್ಲಿ ಹಾಕಬಾರದು. ತಪ್ಪಿ ಸರಿಯಾದ ಹೆಸರಿಗೇ ಕೊಟ್ಟರೆ ಫೋನು ಪಾಸ್‌ವರ್ಡ್ ಮರೆತುಬಿಡುತ್ತದೆ.

ಕಾರ್ಡಿನ ಮೂಲೆಯಲ್ಲಿ ಕ್ಯೂಆರ್ ಚೌಕ ಹಾಕಿಸಬಹುದು. ರಜೆಗೆ ಬರುವ ಮೊಮ್ಮಕ್ಕಳಿಗೆ ಅನುಕೂಲ. ಅದರೊಳಗೆ ಇರುವುದು ಇಷ್ಟೇ ಬರಹ:

```
WIFI:T:WPA;S:avvamane;P:hunasetuppa7364;;
```

ಪಾಸ್‌ವರ್ಡ್ ಅಲ್ಲಿ ತೆರೆದೇ ಇದೆ ಎಂಬುದನ್ನು ಗಮನಿಸಿ. ಕಾರ್ಡಿನ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರೆ ಪಾಸ್‌ವರ್ಡ್ ಹಂಚಿದ ಹಾಗೆಯೇ. ಕ್ಯೂಆರ್ ಮಾಡಲು ಬೇರೆಲ್ಲೂ ಹೋಗಬೇಕಿಲ್ಲ; ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸ ಫೋನುಗಳು, ಆಗಲೇ ಜೋಡಣೆಯಾಗಿರುವ ವೈಫೈ ಹೆಸರನ್ನು ತೆರೆದು `Share` ಒತ್ತಿದರೆ ತಾವೇ ತೋರಿಸುತ್ತವೆ. ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡೂ ಬರೆದಿರುತ್ತದೆ. ಮರೆತ ಪಾಸ್‌ವರ್ಡನ್ನು ಹುಡುಕಲು ಇದೇ ಸುಲಭದ ದಾರಿ. ಆದರೆ ಅವ್ವನಿಗೆ ಕ್ಯಾಮೆರಾ ಹಿಡಿಯುವುದಕ್ಕಿಂತ ಚೌಕ ನೋಡಿ ಒತ್ತುವುದೇ ಸಲೀಸು, ಕೈ ನಡುಗುವವರಿಗೆಲ್ಲ ಹಾಗೇ.

ಕಾರ್ಡಿನ ಮೇಲೆ ವೈಫೈ ಬಿಟ್ಟು ಬೇರೆ ಗುಟ್ಟು ಯಾವುದೂ ಬೇಡ. ಎಟಿಎಂ ಪಿನ್, ಯುಪಿಐ ಪಿನ್ ಅನ್ನೂ ಇದರಲ್ಲೇ ಬರೆದುಬಿಡು ಎಂದು ಅವ್ವ ಕೇಳಿದಳು, ನಾನು ಒಪ್ಪಲಿಲ್ಲ. ಎಲ್ಲಿ ತೂಗುಹಾಕುವುದೆಂದು ಆಕೆಯೇ ತೀರ್ಮಾನಿಸಿದಳು. ಪಡಸಾಲೆಯಲ್ಲಿ ಬಂದವರೆಲ್ಲ ನೋಡುತ್ತಾರೆ, ಕಪಾಟಿನೊಳಗಿಟ್ಟರೆ ನೆನಪಾಗುವುದಿಲ್ಲ. ಅಡಿಗೆ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ, ಅದನ್ನು ದಿನಾ ನೋಡುತ್ತಾಳೆ. ಅದೇ ಮೊಳೆಗೆ, ಕ್ಯಾಲೆಂಡರಿನ ಹಿಂದೆ, ದಾರ ಕಟ್ಟಿ ತೂಗಿಸಿದೆವು. ಬೇಕಾದಾಗ ತೆಗೆದು ನೆಲದ ಮೇಲಿಟ್ಟು ಪಕ್ಕದಲ್ಲಿ ಫೋನಿಟ್ಟುಕೊಂಡು ಕೂರುತ್ತಾಳೆ. ಗೋಡೆಗೆ ಅಂಟಿಸಿದ್ದರೆ ಒಂದು ಕೈಯಲ್ಲಿ ಫೋನು ಹಿಡಿದು ನಿಂತೇ ಒತ್ತಬೇಕಾಗುತ್ತಿತ್ತು.

ಈ ಕಾರ್ಡು ಹಳತಾಗದಂತೆ ನೋಡಿಕೊಳ್ಳುವ ಉಪಾಯ ಒಂದಿದೆ, ಲೈನಿನವರೂ ಇದನ್ನು ಎಲ್ಲರಿಗೆ ಹೇಳುವುದಿಲ್ಲ. ಡಬ್ಬಿ ಕೆಟ್ಟು ಹೊಸದು ಬಂದಾಗ, ಕಂಪನಿಯೇ ಬದಲಾದರೂ ಸರಿ, ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅದಕ್ಕೂ ಹಾಕಿಸಿ. ಒಂದು ಅಕ್ಷರವೂ ಬದಲಾಗದಂತೆ, ಭದ್ರತೆಯ ಬಗೆಯೂ ಹಿಂದಿನದೇ ಇರುವಂತೆ ಹಾಕಿಸಿದರೆ ಮನೆಯ ಫೋನು, ಟಿವಿ ಎಲ್ಲ ಏನೂ ಕೇಳದೆ ತಾವಾಗಿ ಜೋಡಿಕೊಳ್ಳುತ್ತವೆ. ಮೊನ್ನೆ ದೀಪಾವಳಿಗೆ ಮುಂಚೆ ಲಕ್ಷ್ಮೇಶ್ವರದ ಡಬ್ಬಿ ಸುಟ್ಟುಹೋಯಿತು. ಹೊಸದನ್ನು ತಂದ ಹುಡುಗನಿಗೆ ಅವ್ವ ಕ್ಯಾಲೆಂಡರ್ ಸರಿಸಿ ಕಾರ್ಡು ತೋರಿಸಿ, "ಇದ ಹೆಸರ, ಇದ ಅಕ್ಷರ ಹಾಕಪಾ" ಎಂದಳಂತೆ. ನನಗೆ ಸುದ್ದಿ ತಿಳಿದದ್ದು ಎರಡು ದಿನದ ಮೇಲೆ, ಅದೂ ವಿಡಿಯೋ ಕರೆಯಲ್ಲಿ.

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವವರಲ್ಲಿ ಒಂದು ಕೇಳಿಕೆ. ಈ ಕೆಲಸವನ್ನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಮಾಡಬೇಡಿ. ಬಂದ ದಿನ ರಾತ್ರಿಯೇ ಕಾರ್ಡು ಬರೆದು ಅವರ ಕೈಗೆ ಕೊಡಿ, ಮರುದಿನ ಅವರೇ ಫೋನು ಜೋಡಿಸುವುದನ್ನು ಸುಮ್ಮನೆ ಕೂತು ನೋಡಿ, ಎಡವಿದ ಸಾಲನ್ನು ತಿದ್ದಿ, ಕೆಳಗೆ ತಾರೀಖು ಬರೆದು, ಹೊರಡುವ ಮೊದಲು ಲ್ಯಾಮಿನೇಶನ್ ಮಾಡಿಸಿ ತೂಗುಹಾಕಿ ಬನ್ನಿ.